ವಿಜಯಪುರದಲ್ಲಿ ಎರಡು ಮೆಡಿಕಲ್ ಕಾಲೇಜು, ಉಳಿದ ಸೀಟಿಗೆ ಎರಡು ಬೇರೆ ದಾರಿ

ಪ್ರಶ್ನೆ: ಸರ್, ನಾವು ಜಮಖಂಡಿಯವರು. ಮಗಳು ಎರಡನೇ ಸಲ ನೀಟ್ ಬರೆದಾಳೆ. ಮೂರು ಸುತ್ತು ಮುಗಿದರೂ ಎಂಬಿಬಿಎಸ್ ಸೀಟು ಸಿಕ್ಕಿಲ್ಲ. ಸದ್ಯ ಬಾಗಲಕೋಟೆಯಲ್ಲಿ ಬಿಎಸ್ಸಿಗೆ ಹಚ್ಚಿದ್ದೇವೆ. ಒಬ್ಬರು ಫೋನ್ ಮಾಡಿ, ವಿಜಯಪುರದಲ್ಲಿ ಸೀಟು ಉಳಿದಾವೆ, ಐದು ಲಕ್ಷ ಅಡ್ವಾನ್ಸ್ ಕೊಟ್ಟರೆ ಸ್ಪಾಟ್ ಅಡ್ಮಿಷನ್ ಮಾಡಿಸ್ತೀನಿ ಅಂತಾರೆ. ನಂಬಬಹುದಾ? ಉಳಿದ ಸೀಟು ನಾವೇ ನೋಡೋದು ಹೇಗೆ?
– ಒಬ್ಬ ತಂದೆ, ಜಮಖಂಡಿ

ಉತ್ತರ: ಆ ಐದು ಲಕ್ಷ ಕೊಡಬೇಡಿ. ಎಂಬಿಬಿಎಸ್ ಸೀಟು ಬುಕ್ ಮಾಡುವ ಅಧಿಕಾರ ಇವತ್ತು ಏಜೆಂಟರಿಗಿರಲಿ, ಕಾಲೇಜಿಗೂ ಇಲ್ಲ. ಕೆಲವು ವರ್ಷಗಳ ಹಿಂದೆ ಡೀಮ್ಡ್ ಕಾಲೇಜುಗಳಲ್ಲಿ ಕೊನೆಯ ಸುತ್ತು ಕಾಲೇಜಿನಲ್ಲೇ ನಡೆಯುತ್ತಿತ್ತು. ತಂದೆ-ತಾಯಿ ಡಿಡಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ಕಾಲದ ನೆನಪೇ ಏಜೆಂಟರ ಬಂಡವಾಳ. ಈಗ ಕೊನೆಯ ಸೀಟಿನವರೆಗೂ ಹಂಚಿಕೆ ಆನ್‌ಲೈನ್ ಕೌನ್ಸೆಲಿಂಗ್‌ನಲ್ಲೇ, ನೀಟ್ ರ‍್ಯಾಂಕ್ ನೋಡಿಯೇ ಆಗುತ್ತದೆ. 2024ರ ಡಿಸೆಂಬರ್‌ನಲ್ಲಿ ಸೀಟು ಖಾಲಿ ಉಳಿದಾಗ ಸುಪ್ರೀಂ ಕೋರ್ಟ್ ಗಡುವನ್ನು ಡಿಸೆಂಬರ್ 30ಕ್ಕೆ ಮುಂದೂಡಿತು. ಆಗಲೂ ಕಾಲೇಜುಗಳು ನೇರವಾಗಿ ಸೇರಿಸಿಕೊಳ್ಳುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು.

ಹಾಗಾಗಿ ಜನ 'ಸ್ಪಾಟ್' ಅನ್ನುವುದು ಈಗ ಕೊನೆಯಲ್ಲಿ ಉಳಿದ ಸೀಟು ತುಂಬುವ ಸ್ಟ್ರೇ ವೇಕೆನ್ಸಿ ಸುತ್ತು. ಅದನ್ನು ಎಲ್ಲಿ ನೋಡಬೇಕು ಎಂಬುದರಲ್ಲೇ ನಮ್ಮ ಕಡೆಯವರು ಜಾಸ್ತಿ ಎಡವುತ್ತಾರೆ. ವಿಜಯಪುರವನ್ನೇ ನೋಡಿ. ಅಲ್ಲಿನ ಅಲ್-ಅಮೀನ್ ಕಾಲೇಜಿನ ಸೀಟು ರಾಜ್ಯದ ಪರೀಕ್ಷಾ ಪ್ರಾಧಿಕಾರವಾದ ಕೆಇಎ ಮೂಲಕ ತುಂಬುತ್ತದೆ. ಅದೇ ಊರಿನ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯ, ಅದರ ಸೀಟು ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿಯಾದ ದೆಹಲಿಯ ಎಂಸಿಸಿ ಕೈಯಲ್ಲಿದೆ. ಬೆಳಗಾವಿಯಲ್ಲೂ ಹೀಗೇ. ಜೆಎನ್‌ಎಂಸಿ ಡೀಮ್ಡ್ ಆದ್ದರಿಂದ ಪೂರ್ತಿ ಎಂಸಿಸಿ. ಸರ್ಕಾರಿ ಕಾಲೇಜಾದ ಬಿಮ್ಸ್‌ನ ಶೇ 85 ಸೀಟು ಕೆಇಎಗೆ, ಶೇ 15 ಎಂಸಿಸಿಗೆ. ನಿಮಗೆ ಹತ್ತಿರದ ಬಾಗಲಕೋಟೆಯ ನಿಜಲಿಂಗಪ್ಪ ಕಾಲೇಜು ಕೆಇಎ. ಕೆಇಎ ಪಟ್ಟಿಯಲ್ಲಿ ಬಿಎಲ್‌ಡಿಇ ಹುಡುಕಿ, 'ಹೆಸರೇ ಇಲ್ಲ, ಅಂದರೆ ಒಳಗಿಂದೊಳಗೆ ಮಾರಿದ್ದಾರೆ' ಎಂದು ನನ್ನ ಬಳಿ ಬಂದವರಿದ್ದಾರೆ. ಪಾಪ, ಅವರು ನೋಡುತ್ತಿದ್ದ ವೆಬ್‌ಸೈಟೇ ಬೇರೆಯದು.

ಕೆಇಎ ಪ್ರಕಟಣೆಗಳು cetonline.karnataka.gov.in ನಲ್ಲಿ ಯುಜಿನೀಟ್ ಪುಟದಲ್ಲಿ ಬರುತ್ತವೆ. ಎಂಸಿಸಿಯದು mcc.nic.in. ಅದರಲ್ಲಿ ಯುಜಿ ಮೆಡಿಕಲ್ ಪುಟಕ್ಕೆ ಹೋದರೆ News & Events ಎಂಬ ಭಾಗವಿದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಎರಡನ್ನೂ ತೆರೆದು ನೋಡಿ. ಈ ಹಂತದಲ್ಲಿ ಪ್ರಕಟಣೆಗೂ ಆಯ್ಕೆ ತುಂಬುವ ಗಡುವಿಗೂ ನಡುವೆ ಕೆಲವೇ ದಿನ ಇರುತ್ತವೆ. ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಬರುವಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ.

ಸ್ಟ್ರೇ ಸುತ್ತಿಗೆ ಮುಂಚೆ ಸೀಟ್ ಮ್ಯಾಟ್ರಿಕ್ಸ್ ಎಂಬ ಪಿಡಿಎಫ್ ಹಾಕುತ್ತಾರೆ. ಯಾವ ಕಾಲೇಜು, ಯಾವ ಕೋಟಾ, ಎಷ್ಟು ಸೀಟು ಎಲ್ಲವೂ ಅದರಲ್ಲಿರುತ್ತದೆ. ಹಿಂದಿನ ಸುತ್ತುಗಳಲ್ಲಿ Clear Vacancy ಮತ್ತು Virtual Vacancy ಎಂಬ ಮಾತು ನೀವು ನೋಡಿರಬಹುದು. ಮೊದಲನೆಯದು ಈಗಾಗಲೇ ಖಾಲಿ ಇರುವ ಸೀಟು. ಎರಡನೆಯದು, ಈಗ ಹಿಡಿದವರು ಮೇಲಿನ ಸೀಟಿಗೆ ಹೋದರೆ ಮಾತ್ರ ತೆರೆಯುವ ಸೀಟು. ಸ್ಟ್ರೇ ಸುತ್ತಿನಲ್ಲಿ ಎಂಬಿಬಿಎಸ್ ಅಥವಾ ಬಿಡಿಎಸ್ ಸೀಟು ಹಿಡಿದವರಿಗೆ ಅವಕಾಶವೇ ಇಲ್ಲ. ಯಾರೂ ಮೇಲಕ್ಕೆ ಹೋಗುವುದಿಲ್ಲ, ಕೆಳಗೆ ಸೀಟು ತೆರೆಯುವುದೂ ಇಲ್ಲ. ಪಟ್ಟಿಯಲ್ಲಿ ಆ ಕಾಲೇಜಿನ ಮುಂದೆ ಎರಡು ಎಂದಿದ್ದರೆ ಎರಡೇ. ತಡವಾಗಿ ಹೊಸ ಸೀಟಿಗೆ ಅನುಮತಿ ಸಿಕ್ಕರೆ ಅದಕ್ಕೂ ಬೇರೆ ಪ್ರಕಟಣೆ ಬರುತ್ತದೆ. ಫೋನ್ ಮಾಡಿದವರು 'ಲಿಸ್ಟ್‌ನಲ್ಲಿ ಇಲ್ಲದ ಸೀಟು ನನ್ನ ಹತ್ತಿರ ಇದೆ' ಎಂದರೆ ಅದು ಸುಳ್ಳು. ನಿಮ್ಮ ಮಗಳು ಬಿಎಸ್ಸಿ ಸೇರಿರುವುದು ಸ್ಟ್ರೇ ಸುತ್ತಿಗೆ ಅಡ್ಡಿಯಲ್ಲ.

ಡೀಮ್ಡ್ ಸೀಟು ಸಿಗುವ ಸಾಧ್ಯತೆ ಅಂದಾಜಿಸಲು ಎಂಸಿಸಿಯ ಮೂರನೇ ಸುತ್ತಿನ ಫಲಿತಾಂಶದ ಪಿಡಿಎಫ್ ಇಳಿಸಿಕೊಳ್ಳಿ. ಅದರಲ್ಲಿ ಕಾಲೇಜಿನ ಹೆಸರು ಹುಡುಕಿ, Deemed/Paid Seats Quota ಎಂದಿರುವ ಸಾಲುಗಳಲ್ಲಿ ಕೊನೆಯ ರ‍್ಯಾಂಕ್ ಯಾವುದು ನೋಡಿ. ಅದು 6 ಲಕ್ಷದ ಹತ್ತಿರ ನಿಂತು, ಮಗಳದು 6 ಲಕ್ಷ 20 ಸಾವಿರ ಇದ್ದರೆ ಪ್ರಯತ್ನಿಸಬಹುದು. 9 ಲಕ್ಷ ಇದ್ದರೆ ಅದರ ಮೇಲೆ ಆಸೆ ಇಡಬೇಡಿ. ಆದರೆ ಇದು ಅಂದಾಜು ಮಾತ್ರ. ಇರುವುದು ಒಂದೆರಡು ಸೀಟು, ಮೇಲಿನ ರ‍್ಯಾಂಕಿನ ಒಬ್ಬರು ಆ ಕಾಲೇಜು ಹಾಕಿದರೂ ಲೆಕ್ಕ ತಪ್ಪುತ್ತದೆ.

ಈಗ ನನಗೆ ನಿಜಕ್ಕೂ ಆತಂಕ ತರುವ ವಿಷಯ. ಎಂಸಿಸಿಯ ಸ್ಟ್ರೇ ಸುತ್ತಿನಲ್ಲಿ ಸೀಟು ಸಿಕ್ಕ ಮೇಲೆ ಸೇರಲೇಬೇಕು. ಸೇರದಿದ್ದರೆ ಠೇವಣಿ ಹೋಗುತ್ತದೆ. ಡೀಮ್ಡ್ ಕಾಲೇಜುಗಳಿಗೆ ಅದು 2 ಲಕ್ಷ ರೂಪಾಯಿ. ಜೊತೆಗೆ ಮುಂದಿನ ವರ್ಷ ನೀಟ್ ಬರೆಯಲು ಬಿಡುವುದಿಲ್ಲ. ಮುಧೋಳದ ಕಡೆಯ ಒಂದು ಮನೆಯಲ್ಲಿ ಆದದ್ದು ಹೇಳುತ್ತೇನೆ. ತಂದೆ 'ಸುಮ್ನೆ ಹಾಕಿ ನೋಡೋಣ, ಸಿಗೋದೇನಿಲ್ಲ' ಎಂದು ಹನ್ನೆರಡು ಡೀಮ್ಡ್ ಕಾಲೇಜು ತುಂಬಿಸಿದರು. ಫೀ ನೋಡಿಕೊಂಡಿದ್ದು ಮೂರಕ್ಕೆ ಮಾತ್ರ. ಸಿಕ್ಕಿದ್ದು ಒಂಬತ್ತನೆಯದು, ಬೇರೆ ರಾಜ್ಯದ್ದು. ಮೊದಲ ವರ್ಷದ ಫೀ ಕೇಳಿ ಅವರು ಹೊಲ ಮಾರುವ ಮಾತಿಗೆ ಬಂದರು, ಮಾರಲಿಲ್ಲ, ಸೇರಲಿಲ್ಲ. ಎರಡು ಲಕ್ಷ ಹೋದದ್ದಕ್ಕಿಂತ, ಹುಡುಗ ಮುಂದಿನ ವರ್ಷದ ಪರೀಕ್ಷೆ ಕಳೆದುಕೊಂಡ ನೋವು ದೊಡ್ಡದಾಯಿತು. ಅವನು ಆಗಲೇ ಮತ್ತೊಮ್ಮೆ ಬರೆಯಲು ಓದಲು ಕೂತಿದ್ದ.

ಆದ್ದರಿಂದ ಆಯ್ಕೆ ತುಂಬುವ ಮುಂಚೆ ಮನೆಯವರೆಲ್ಲ ಕೂತು ಫೀ ಬರೆಯಿರಿ. ಡೀಮ್ಡ್ ಕಾಲೇಜುಗಳ ಫೀ ವಿವರ ಎಂಸಿಸಿ ವೆಬ್‌ಸೈಟ್‌ನಲ್ಲೇ ಕಾಲೇಜುವಾರು ಸಿಗುತ್ತದೆ. ಒಂದು ವರ್ಷದ ಬೋಧನಾ ಫೀ ನೋಡಿ ನಿಲ್ಲಬೇಡಿ, ಹಾಸ್ಟೆಲ್ ಸೇರಿಸಿ, ಉಳಿದ ವರ್ಷಗಳಿಗೂ ಲೆಕ್ಕ ಹಾಕಿ. ಕೊನೆಯವರೆಗೂ ಕಟ್ಟಲು ಆಗುವ ಕಾಲೇಜು ಎರಡೇ ಇದ್ದರೆ ಎರಡನ್ನೇ ಹಾಕಿ. ಒಂದೂ ಇಲ್ಲದಿದ್ದರೆ ಎಂಸಿಸಿಯ ಡೀಮ್ಡ್ ಸೀಟು ಬಿಟ್ಟು, ಕೆಇಎ ಸುತ್ತನ್ನು ಮಾತ್ರ ನೋಡಿ. ಅಲ್ಲೂ ಆ ಸುತ್ತಿನ ಪ್ರಕಟಣೆಯಲ್ಲಿ ಠೇವಣಿ ಮತ್ತು ದಂಡದ ಭಾಗವನ್ನು ಓದಿದ ಮೇಲೆಯೇ ಆಯ್ಕೆ ತುಂಬಿ.

ಇನ್ನೊಂದು ಕೆಲಸ ನಾಳೆಯೇ ಆಗಬೇಕು. ಮಗಳ ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿ ಮತ್ತು ಟಿಸಿ ಬಿಎಸ್ಸಿ ಕಾಲೇಜಿನಲ್ಲಿ ಇವೆಯಲ್ಲವೇ? ಸ್ಟ್ರೇ ಸುತ್ತಿನಲ್ಲಿ ಸೀಟು ಸಿಕ್ಕರೆ ಮೂಲ ದಾಖಲೆಗಳೊಂದಿಗೆ ಕೆಲವೇ ದಿನಗಳಲ್ಲಿ ಹಾಜರಾಗಬೇಕು. ಆ ದಿನ ಶನಿವಾರವಾಗಿ, ಕಚೇರಿಯ ಗುಮಾಸ್ತರು ರಜೆಯಲ್ಲಿದ್ದರೆ ಸೀಟು ಕೈಯಲ್ಲಿದ್ದೂ ಸೇರಲಾಗದು. ಈಗಲೇ ಪ್ರಾಂಶುಪಾಲರನ್ನು ಕಂಡು ವಿಷಯ ಹೇಳಿ. ಮೂಲ ದಾಖಲೆ ವಾಪಸ್ ಪಡೆಯಲು ಅರ್ಜಿ ಯಾರಿಗೆ ಕೊಡಬೇಕು, ಎಷ್ಟು ಬಾಕಿ ಕಟ್ಟಬೇಕು, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿಕೊಂಡು ಬನ್ನಿ.