ಕಸ್ಟಮರ್ ಮೇಲ್ ಉದ್ದ, ಟಿಕೆಟ್ ಗಿಡ್ಡ: ಯಾವ್ದು ಇಡೋದು, ಯಾವ್ದು ಬಿಡೋದು?

ಪ್ರಶ್ನೆ: ನಾನು ಸಪೋರ್ಟ್ ಟೀಮಲ್ಲಿದೀನಿ ಸರ್. ಕಸ್ಟಮರ್ ಬರ್ದಿದ್ದನ್ನ ಹಾಗೇ ಟಿಕೆಟ್‌ಗೆ ಹಾಕಿದೆ: "ಸೋಮವಾರದಿಂದ ಮೆಂಬರ್ ಲಿಸ್ಟ್ ಡೌನ್‌ಲೋಡ್ ಮಾಡಿದ್ರೆ ಹೆಸರೆಲ್ಲ ಗಜಿಬಿಜಿ, ಮೊದ್ಲು ಪ್ರಿಂಟರ್ ಅಂದ್ಕೊಂಡ್ವಿ, ಅದೇ ವಾರ ಹೊಸ ಕಂಪ್ಯೂಟರ್ ಬೇರೆ ಬಂತು, ಕ್ಲರ್ಕ್ ಮೇಡಂ ಮೊಬೈಲಲ್ಲಿ ಚೆನ್ನಾಗೇ ಕಾಣತ್ತೆ, ಪೇಜ್ ಕೂಡ ಸ್ಲೋ." ಡೆವಲಪರ್ "ನಮ್ಮಲ್ಲಿ ಸರಿ ಬರ್ತಿದೆ" ಅಂತ ಕ್ಲೋಸ್ ಮಾಡಿದ್ರು. ಹೇಗೆ ಬರೀಬೇಕಿತ್ತು?

ಉತ್ತರ: ಈ ಮೇಲಲ್ಲಿ ಚಿನ್ನದಂಥ ಮಾತು ಒಂದಿದೆ, ಮೊಬೈಲಲ್ಲಿ ಚೆನ್ನಾಗೇ ಕಾಣತ್ತೆ ಅನ್ನೋದು. ಅಂದ್ರೆ ಫೈಲ್ ಒಳಗಿನ ಅಕ್ಷರ ಬಹುಶಃ ಸರಿಯಾಗೇ ಇದೆ, ತೆರೆಯೋ ರೀತಿಯಲ್ಲಿ ಏನೋ ಆಗ್ತಿದೆ. ಚಿಕ್ಕದು ಮಾಡೋ ಆತುರದಲ್ಲಿ ಜನ ಮೊದ್ಲು ಅಳಿಸೋದು ಇಂಥ ಸಾಲನ್ನೇ. ಸ್ಕ್ರೀನ್ ಮೇಲೇ ಹೆಸರು ತಪ್ಪು ಕಾಣ್ತಿದ್ರೆ ಪ್ರಿಂಟರ್ ಮಾತು ಬೇಡ, ಪೇಜ್ ಸ್ಲೋ ಅನ್ನೋದು ಬೇರೆ ಟಿಕೆಟ್. "ಸೋಮವಾರದಿಂದ" ಅನ್ನೋದು ಮಾತ್ರ ಹುಷಾರು, ಅದನ್ನ ನೋಡಿದ ಡೆವಲಪರ್ ಸೋಮವಾರದ ರಿಲೀಸ್ ಕೆದಕೋಕೆ ಕೂತ್ಬಿಡ್ತಾರೆ, ಆದ್ರೆ ಅದೇ ವಾರ ಕಂಪ್ಯೂಟರೂ ಬದಲಾಗಿದೆ ಅಲ್ವಾ, ಹಾಗಾಗಿ ಹಳೇದ್ರಲ್ಲಿ ಟ್ರೈ ಮಾಡೋವರೆಗೂ ಅದನ್ನ ಟಿಕೆಟ್‌ಗೆ ಹಾಕ್ಬೇಡಿ.

ಈಗ ಕಸ್ಟಮರ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಡೌನ್‌ಲೋಡ್ ಆದ್ಮೇಲೆ ಫೈಲನ್ನ ಹೇಗೆ ಓಪನ್ ಮಾಡಿದ್ರಿ? "ಡಬಲ್ ಕ್ಲಿಕ್ ಮಾಡ್ದೆ, ಎಕ್ಸೆಲಲ್ಲಿ ಬಂತು" ಅಂದ್ರೆ ಬಿಟ್ಟುಹೋಗಿದ್ದ ಸ್ಟೆಪ್ ಅದೇ, ಯಾಕಂದ್ರೆ ಡೆವಲಪರ್ ಸಾಮಾನ್ಯವಾಗಿ ಟೆಕ್ಸ್ಟ್ ಎಡಿಟರಲ್ಲಿ ತೆರೀತಾರೆ, ಅಲ್ಲಿ ಕನ್ನಡ ನೆಟ್ಟಗೆ ಕಾಣತ್ತೆ. ನೀವೂ ಒಂದ್ಸಲ ಮಾಡಿ ನೋಡಿ, ಕಸ್ಟಮರ್ ಡೇಟಾ ಬೇಡ, "ಕಮಲ" ಅಂತ ಟೆಸ್ಟ್ ಮೆಂಬರ್ ಸೇರಿಸಿ ಸಾಕು. ನಿಮ್ಮಲ್ಲೂ ಹಾಗೇ ಬಂದ್ರೆ ಟಿಕೆಟ್ ಇಷ್ಟೇ:

ಟೈಟಲ್: ಮೆಂಬರ್ ಲಿಸ್ಟ್ ಸಿಎಸ್‌ವಿಯನ್ನ ಎಕ್ಸೆಲಲ್ಲಿ ತೆರೆದ್ರೆ ಕನ್ನಡ ಹೆಸರು ತಪ್ಪಾಗಿ ಕಾಣತ್ತೆ
ಸ್ಟೆಪ್ಸ್:
1. "ಕಮಲ" ಹೆಸರಲ್ಲಿ ಮೆಂಬರ್ ಸೇರಿಸಿ
2. ಮೆಂಬರ್ ಲಿಸ್ಟನ್ನ ಸಿಎಸ್‌ವಿಯಾಗಿ ಡೌನ್‌ಲೋಡ್ ಮಾಡಿ
3. ವಿಂಡೋಸಲ್ಲಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಎಕ್ಸೆಲಲ್ಲಿ ತೆರೀರಿ
ಬರ್ಬೇಕಾಗಿದ್ದು: ಕಮಲ
ಬಂದಿದ್ದು: à²•à²®à²²
ಗಮನಿಸಿ: ಅದೇ ಫೈಲ್ ಮೊಬೈಲಲ್ಲಿ ಸರಿ ಕಾಣತ್ತೆ

ಜೊತೆಗೆ ವಿಂಡೋಸ್, ಎಕ್ಸೆಲ್ ವರ್ಷನ್ ಬರ್ದು ಆ ಫೈಲನ್ನೂ ಅಟ್ಯಾಚ್ ಮಾಡಿ. "ಬಂದಿದ್ದು" ಅನ್ನೋ ಕಡೆ "ಗಜಿಬಿಜಿ" ಅಂತ ಬರೀದೆ ಕಂಡಿದ್ದನ್ನೇ ಕಾಪಿ ಮಾಡಿ ಹಾಕೋದ್ರಿಂದ ತುಂಬಾ ಉಪಯೋಗ. ಒಂದೊಂದು ಕನ್ನಡ ಅಕ್ಷರಕ್ಕೂ à² ಅಂತ ಶುರುವಾಗೋ ಮೂರು ಚಿಹ್ನೆ ಬಂದಿದೆ ನೋಡಿ, ಅಕ್ಷರನ ಬೈಟಾಗಿ ಉಳಿಸೋ UTF-8 ಎನ್‌ಕೋಡಿಂಗಲ್ಲಿ ಕನ್ನಡದ ಪ್ರತಿ ಮೂಲ ಅಕ್ಷರಕ್ಕೂ ಪ್ರತಿ ಕಾಗುಣಿತದ ಚಿಹ್ನೆಗೂ 3 ಬೈಟ್, ಎಕ್ಸೆಲ್ ಅದನ್ನ ಹಳೇ Windows-1252 ಎನ್‌ಕೋಡಿಂಗ್ ಅಂದ್ಕೊಂಡು ಬೈಟ್‌ಗೊಂದು ಚಿಹ್ನೆ ತೋರಿಸ್ತಿದೆ. ಗೊತ್ತಿರೋರು ನೋಡಿದ ತಕ್ಷಣ ಹಿಡೀತಾರೆ. ಡಬ್ಬಿ ಡಬ್ಬಿ ಕಂಡಿದ್ರೆ ಅದು ಫಾಂಟ್ ತೊಂದ್ರೆ ಇರಬಹುದು, "ಗಜಿಬಿಜಿ" ಅಂದ್ರೆ ಎರಡೂ ಒಂದೇ ಆಗ್ಬಿಡತ್ತೆ.

ಫೈಲ್ ಶುರುವಲ್ಲಿ, ಇದು UTF-8 ಅಂತ ಎಕ್ಸೆಲ್‌ಗೆ ತಿಳಿಸೋ BOM ಅನ್ನೋ ಗುರುತು ಇಲ್ದೇ ಹೀಗಾಗ್ತಿರಬಹುದು ಅಂತ ನಿಮಗೆ ಅನ್ಸಿದ್ರೆ ಕೆಳಗೆ ಕಾಮೆಂಟಲ್ಲಿ ಹಾಕಿ, "ಬರ್ಬೇಕಾಗಿದ್ದು" ಜಾಗದಲ್ಲಿ ಬೇಡ. ಊಹೆ ತಪ್ಪಾದ್ರೆ ಡೆವಲಪರ್ BOM ಸೇರಿಸಿ ಟಿಕೆಟ್ ಮುಗಿಸಿರ್ತಾರೆ, ಕಸ್ಟಮರ್‌ಗೆ "ಕಮಲ" ಮಾತ್ರ ಇನ್ನೂ ಕಾಣ್ತಿರಲ್ಲ.