ಇನ್ಹೇಲರ್ ಬೀರುವಿನಲ್ಲಲ್ಲ, ಮಗುವಿನ ಚೀಲದಲ್ಲಿರಲಿ

ಪ್ರಶ್ನೆ: ದೀಪಾವಳಿ ರಜೆ ಮುಗಿದ ಮೇಲೆ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ವಾಯುಮಾಲಿನ್ಯ ಮತ್ತು ಆಸ್ತಮಾ ಕುರಿತು ಐದು ನಿಮಿಷ ಮಾತನಾಡಬೇಕು. ಮಕ್ಕಳಿಗೆ ಏನು ಹೇಳಲಿ, ಡಾಕ್ಟರೇ? – ಶಿಕ್ಷಕಿ, ಬೆಂಗಳೂರು

ಉತ್ತರ: ಮೇಡಂ, ಮೊದಲು ಆ ಸಭೆ ಎಲ್ಲಿ ನಡೆಯುತ್ತದೆ ಎಂದು ನೋಡಿ. ನಾನು ಕಂಡ ಎಷ್ಟೋ ಶಾಲೆಗಳಲ್ಲಿ ಪ್ರಾರ್ಥನೆಗೆ ಮುಂಚೆ ಮಕ್ಕಳೇ ಅಂಗಳ ಗುಡಿಸುತ್ತಾರೆ, ಮೂಲೆಯಲ್ಲಿ ತರಗೆಲೆಗೆ ಬೆಂಕಿ ಹಾಕಿರುತ್ತಾರೆ. ಆ ಹೊಗೆಯಲ್ಲೇ ನಿಲ್ಲಿಸಿ ಶುದ್ಧ ಗಾಳಿಯ ಬಗ್ಗೆ ಭಾಷಣ ಮಾಡುತ್ತಾರೆ. ಚಳಿಗಾಲದ ಬೆಳಗ್ಗೆ ನೆಲಕ್ಕೆ ಹತ್ತಿರದ ಗಾಳಿ ತಂಪಾಗಿರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಹಾಗಾಗಿ ಹೊಗೆಯೂ ದೂಳೂ ಮೇಲೇರದೆ ಮಕ್ಕಳ ಮುಖದ ಮಟ್ಟದಲ್ಲೇ ಉಳಿಯುತ್ತವೆ. ಬಿಸಿಲೇರಿದ ಮೇಲೆ ಚದುರುತ್ತವೆ. ಗಾಳಿ ಕೆಟ್ಟ ದಿನ ಪ್ರಾರ್ಥನೆ ತರಗತಿಯೊಳಗೇ ನಡೆಯಲಿ, ನೀರು ಚಿಮುಕಿಸಿ ಗುಡಿಸಲಿ, ಎಲೆ ಸುಡುವುದು ನಿಲ್ಲಲಿ, ಆಟದ ಪೀರಿಯಡ್ ಮಧ್ಯಾಹ್ನಕ್ಕೆ ಹೋಗಲಿ.

ಗಾಳಿ ಕೆಟ್ಟಿದೆ ಎಂದು ತಿಳಿಯುವುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ನೋಡಿ. ಅದರಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 200 ದಾಟಿದರೆ ಆಸ್ತಮಾ ಇರುವ ಮಕ್ಕಳನ್ನು ಓಡಿಸಬೇಡಿ, 300 ದಾಟಿದರೆ ಯಾರನ್ನೂ ಹೊರಗೆ ಆಡಿಸಬೇಡಿ. ಆದರೆ ಆ ಅಂಕಿ ಎಲ್ಲೋ ದೂರದ ಕೇಂದ್ರದಲ್ಲಿ ಅಳೆದ, 24 ಗಂಟೆಗಳ ಸರಾಸರಿ. ನಿಮ್ಮ ಗೇಟಿನ ಮುಂದೆ ಎಂಜಿನ್ ಆರಿಸದೆ ನಿಂತ ಶಾಲಾ ವಾಹನಗಳ ಹೊಗೆ ಅದರಲ್ಲಿ ಕಾಣುವುದಿಲ್ಲ. ಕಣ್ಣಿಗೆ ಹೊಗೆ ಕಂಡರೆ ಕಣ್ಣನ್ನೇ ನಂಬಿ.

ಇನ್ನು ಭಾಷಣ. ಮರ ನೆಡುವ ಮಾತನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಕುಳಿತ ಗೆಳತಿಗೆ ಉಸಿರು ಕಟ್ಟುತ್ತಿದೆ ಎಂದು ಗುರುತಿಸುವುದನ್ನು ಕಲಿಸಿ. ನನ್ನ ಬಳಿ ಬಂದ ಆರನೇ ತರಗತಿಯ ಹುಡುಗಿಯೊಬ್ಬಳ ಕಥೆಯನ್ನೇ ಹೇಳಬಹುದು. ಪಟಾಕಿಯ ಹಬ್ಬ ಮುಗಿದು ಎರಡು ದಿನವಾಗಿತ್ತು. ರಾತ್ರಿಯೆಲ್ಲ ಒಣಕೆಮ್ಮಿದ್ದವಳು ಬೆಳಗ್ಗೆ ಖೋ ಖೋ ಆಡಿದಳು. ಎದೆ ಬಿಗಿಯುತ್ತಿದೆ ಎಂದಾಗ ಶಾಲೆಯವರು ನೀರು ಕುಡಿಸಿ ಮಲಗಿಸಿದರು. ಉಸಿರು ಕಟ್ಟಿದಾಗ ತಕ್ಷಣ ಎಳೆದುಕೊಳ್ಳುವ ಅವಳ ನೀಲಿ ಇನ್ಹೇಲರ್ ಬೀರುವಿನೊಳಗೆ ಭದ್ರವಾಗಿತ್ತು, ಬೀಗದ ಕೈ ಇದ್ದವರು ಹೊರಗೆ ಹೋಗಿದ್ದರು. ನನ್ನ ಬಳಿ ಬಂದಾಗ ಒಂದು ಉಸಿರಿಗೆ ಎರಡು ಪದಕ್ಕಿಂತ ಹೆಚ್ಚು ಆಡಲಾಗುತ್ತಿರಲಿಲ್ಲ. ಬದುಕಿದಳು, ಆದರೆ ಆ ಬೀಗ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಿ: ‘ರಾತ್ರಿ ಕೆಮ್ಮು, ಓಡಿದ ಮೇಲೆ ಕೆಮ್ಮು, ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು ಇದ್ದರೆ ಮುಚ್ಚಿಡಬೇಡಿ. ಗೆಳೆಯ ಒಂದು ಪೂರ್ತಿ ವಾಕ್ಯ ಹೇಳಲಾಗದೆ ತಡವರಿಸಿದರೆ, ಉಸಿರೆಳೆಯುವಾಗ ಅವನ ಕತ್ತಿನ ಕುಳಿ ಒಳಕ್ಕೆ ಹೋದರೆ, ಒಬ್ಬರು ಜೊತೆಯಲ್ಲೇ ಇರಿ, ಇನ್ನೊಬ್ಬರು ಓಡಿ ಬಂದು ನಮ್ಮನ್ನು ಕರೆಯಿರಿ.’

ಮುಂದಿನದು ನಿಮ್ಮ ಕೆಲಸ. ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ. ನೀಲಿ ಇನ್ಹೇಲರನ್ನು ಕುಲುಕಿ ಸ್ಪೇಸರ್ ಎಂಬ ಟೊಳ್ಳು ಕೊಳವೆಗೆ ಸಿಕ್ಕಿಸಿ, ಒಂದು ಸಲ ಒತ್ತಿ, ಮಗು ಅದರಿಂದ ನಾಲ್ಕು ಬಾರಿ ಉಸಿರಾಡಲಿ. ಮತ್ತೆ ಕುಲುಕಿ ಒತ್ತಿ. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ ಇನ್ನೊಮ್ಮೆ ನಾಲ್ಕು. ಮಗುವಿನ ವೈದ್ಯರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದರಂತೆ ಮಾಡಿ. ಎರಡನೇ ಸುತ್ತಿಗೂ ಬಗ್ಗದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಅದೇ ಕ್ರಮದಲ್ಲಿ ಕೊಡುತ್ತಿರಿ. ತುಟಿ ನೀಲಿಯಾದರೆ, ಮಗು ಮಂಕಾದರೆ, ಮಾತೇ ಹೊರಡದಿದ್ದರೆ ಮೊದಲೇ ಕರೆಯಿರಿ. ಏದುಸಿರು ಹಾಗೆಯೇ ಇದ್ದು ಸುಂಯ್ ಸದ್ದು ಮಾತ್ರ ನಿಂತಿತೆಂದರೆ ಗುಣವಾಯಿತೆಂದಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಎಂದರ್ಥ.

ಪ್ರಶ್ನೆ: ಕರವಸ್ತ್ರ ಕಟ್ಟಿ ಕಳಿಸಿದರೆ ಸಾಕೇ?

ಉತ್ತರ: ಸಾಲದು, ಹೊಗೆಯ ಸೂಕ್ಷ್ಮ ಕಣಗಳು ಬಟ್ಟೆಯೊಳಗಿಂದ ನುಸುಳುತ್ತವೆ.

ಪ್ರಶ್ನೆ: ಮೃಗಶಿರಾ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಿಗೆ ಮಗನನ್ನು ಕರೆದೊಯ್ಯಲೇ?

ಉತ್ತರ: ಬೇಡ. ಜೀವಂತ ಮೀನು ನುಂಗಿಸಿದರೆ ಆಸ್ತಮಾ ಹೋಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಅದನ್ನು ನಂಬಿ ದಿನದ ಇನ್ಹೇಲರ್ ನಿಲ್ಲಿಸಿದ ಮಕ್ಕಳನ್ನು ತುರ್ತು ವಿಭಾಗದಲ್ಲಿ ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ಇನ್ಹೇಲರ್ ಚಟವಾಗುವುದಿಲ್ಲವೇ?

ಉತ್ತರ: ಇಲ್ಲ. ನೀಲಿಯದು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಅದು ಚಟವಲ್ಲ, ಕಾಯಿಲೆ ಹಿಡಿತದಲ್ಲಿಲ್ಲ ಎಂಬುದರ ಗುರುತು. ಈ ವಾರವೇ ವೈದ್ಯರಿಗೆ ತೋರಿಸಿ.