ಪೀನಕಲ್: 26 ಎಂದು ಎಣಿಸಿದ ಕೈ 22 ಆಗಿದ್ದೇಕೆ?

ಪ್ರಶ್ನೆ: ನಾವು ಒಹಾಯೊದಲ್ಲಿದ್ದೇವೆ. ಪಕ್ಕದ ಮನೆಯ ಹಿರಿಯ ದಂಪತಿ ನನಗೂ ನನ್ನ ಪತಿಗೂ ನಾಲ್ವರು ಆಡುವ ಪೀನಕಲ್ ಎಂಬ ಎಲೆಯಾಟ ಕಲಿಸುತ್ತಿದ್ದಾರೆ. ಊರಿನಲ್ಲಿ ಇಪ್ಪತ್ತೆಂಟು ಆಡಿದ ರೂಢಿ ಬಿಟ್ಟರೆ ಬೇರೆ ಅನುಭವವಿಲ್ಲ. ಕಳೆದ ವಾರ ನನ್ನ ಕೈಗೆ ಆಟೀನಿನ ಎಕ್ಕ, ಹತ್ತು, ರಾಜ, ರಾಣಿ, ಗುಲಾಮ, ಒಂಬತ್ತು; ಇಸ್ಪೀಟಿನ ರಾಜ, ರಾಣಿ; ಡೈಮನ್ನಿನ ಎಕ್ಕ, ಗುಲಾಮ; ಕಳಾವರಿನ ಎಕ್ಕ, ಹತ್ತು ಬಂದವು. ಮೆಲ್ಡ್, ಅಂದರೆ ಆಟಕ್ಕೆ ಮೊದಲು ಮೇಜಿನ ಮೇಲೆ ತೋರಿಸಿ ಅಂಕ ಪಡೆಯುವ ಜೋಡಿ-ಸಾಲುಗಳು, 26 ಎಂದು ಎಣಿಸಿ, 34ಕ್ಕೆ ಕೂಗಿ, ಆಟೀನನ್ನು ತುರುಪು ಮಾಡಿದೆ. ಅವರು 22 ಮಾತ್ರ ಎಂದರು. ಪತಿ ಡೈಮನ್ನಿನ ರಾಜ-ರಾಣಿ ತೋರಿಸಿದ್ದಕ್ಕೆ 2 ಸಿಕ್ಕಿತು. ಆಟದಲ್ಲಿ 8 ಅಂಕ ಬಂದು ಎರಡೇ ಅಂಕದಿಂದ ಸೋತೆವು. ನಾನು ತುರುಪಿನ ಎಕ್ಕದ ಬೆನ್ನಿಗೇ ಹತ್ತನ್ನು ಇಳಿಸಿದ್ದೆ, ಅದು ಹೋಯಿತು. ನನ್ನ ಕಳಾವರ್ ಎಕ್ಕಕ್ಕೆ ಪತಿ ಒಂಬತ್ತು ಹಾಕಿ ಹತ್ತನ್ನು ಉಳಿಸಿಕೊಂಡರು, ಅದೂ ಹೋಯಿತು. ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ನೆರೆಯವರ ಎಣಿಕೆ ಸರಿ. ತುರುಪಿನ ಎಕ್ಕ, ಹತ್ತು, ರಾಜ, ರಾಣಿ, ಗುಲಾಮ ಸೇರಿದ ಐದು ಎಲೆಗಳ ಸಾಲಿಗೆ 15. ತುರುಪಿನ ಒಂಬತ್ತಿಗೆ 1. ಇಸ್ಪೀಟಿನ ರಾಜ-ರಾಣಿ ಜೋಡಿಗೆ 2. ಇಸ್ಪೀಟಿನ ರಾಣಿಯೂ ಡೈಮನ್ನಿನ ಗುಲಾಮನೂ ಸೇರಿದರೆ ಅದೇ ಪೀನಕಲ್, ಆಟಕ್ಕೆ ಹೆಸರು ಕೊಟ್ಟ ಜೋಡಿ, ಅದಕ್ಕೆ 4. ಒಟ್ಟು 22. ನೀವು ಹೆಚ್ಚಿಗೆ ಸೇರಿಸಿದ 4 ತುರುಪಿನ ರಾಜ-ರಾಣಿ ಜೋಡಿಯದು. ಆ ಜೋಡಿ ಒಂಟಿಯಾಗಿ ಬಂದಿದ್ದರೆ 4 ಸಿಗುತ್ತಿತ್ತು, ಆದರೆ ಇಲ್ಲಿ ಅವರಿಬ್ಬರೂ ಐದೆಲೆಯ ಸಾಲಿನೊಳಗೇ ಇದ್ದಾರೆ, ಅವರ ಬೆಲೆಯೂ ಆ 15ರಲ್ಲೇ ಸೇರಿಹೋಗಿದೆ.

ಹಾಗಾದರೆ ಇಸ್ಪೀಟಿನ ರಾಣಿಯನ್ನು ಎರಡು ಕಡೆ ಎಣಿಸಿದ್ದು ಹೇಗೆ ಎಂದು ನೀವು ಕೇಳಬಹುದು. ಹೊಸಬರು ಎಡವುವುದು ಇಲ್ಲಿಯೇ. ಮೆಲ್ಡ್‌ಗಳಲ್ಲಿ ಮೂರು ಜಾತಿ ಇವೆ. ಒಂದೇ ಬಣ್ಣದ ಜೋಡಿ, ಸಾಲುಗಳು ಒಂದು ಜಾತಿ, ಪೀನಕಲ್ ಇನ್ನೊಂದು, ನಾಲ್ಕೂ ಬಣ್ಣದಿಂದ ಒಂದೊಂದು ಎಕ್ಕ, ರಾಜ, ರಾಣಿ ಅಥವಾ ಗುಲಾಮ ಕೂಡಿದ್ದು ಮೂರನೆಯದು. ಒಂದು ಎಲೆ ಬೇರೆ ಬೇರೆ ಜಾತಿಯ ಮೆಲ್ಡ್‌ಗಳಲ್ಲಿ ಸೇರಬಹುದು, ಒಂದೇ ಜಾತಿಯೊಳಗೆ ಎರಡು ಸಲ ಸೇರುವಂತಿಲ್ಲ. ಇಸ್ಪೀಟಿನ ರಾಣಿ ಜೋಡಿಯಲ್ಲೂ ಇದ್ದಾಳೆ, ಪೀನಕಲ್‌ನಲ್ಲೂ ಇದ್ದಾಳೆ, ಅವು ಬೇರೆ ಜಾತಿ, ಆದ್ದರಿಂದ ಎರಡಕ್ಕೂ ಅಂಕ. ನಿಮಗೆ ಇಸ್ಪೀಟಿನ ಎಕ್ಕವೂ ಬಂದಿದ್ದರೆ ನಾಲ್ಕು ಬಣ್ಣದ ಎಕ್ಕಗಳು ಕೂಡಿ ಇನ್ನೂ 10 ಸೇರುತ್ತಿತ್ತು. ನಾಲ್ಕು ರಾಜರಿಗೆ 8, ರಾಣಿಯರಿಗೆ 6, ಗುಲಾಮರಿಗೆ 4. ಹಳಬರು ಇವನ್ನೇ ಹತ್ತರಿಂದ ಗುಣಿಸಿ 150, 40, 100 ಎನ್ನುತ್ತಾರೆ. ಗಾಬರಿಯಾಗಬೇಡಿ, ಲೆಕ್ಕ ಅದೇ.

ಈಗ ಆಟಕ್ಕೆ ಬರೋಣ. ನಿಜ ಹೇಳುವುದಾದರೆ ಮೆಲ್ಡ್ 22 ಆದರೂ ನಿಮ್ಮ 34 ಕೈಗೆಟುಕುವ ಕೂಗೇ ಆಗಿತ್ತು. ಜೊತೆಗಾರರ 2 ಸೇರಿ 24, ಬೇಕಾಗಿದ್ದು 10. ಕಟ್ಟಿನಲ್ಲಿರುವ 48 ಎಲೆಗಳಲ್ಲಿ ಎಕ್ಕ, ಹತ್ತು, ರಾಜ ಒಂದೊಂದಕ್ಕೆ 1 ಅಂಕ. ಅಂತಹ ಎಲೆಗಳು 24, ಕೊನೆಯ ಸುತ್ತು ಗೆದ್ದವರಿಗೆ ಇನ್ನೊಂದು, ಒಟ್ಟು 25. ಇಪ್ಪತ್ತೆಂಟರಲ್ಲಿ ಮೆರೆಯುವ ಗುಲಾಮನಿಗೂ ಒಂಬತ್ತಕ್ಕೂ ಇಲ್ಲಿ ಸುತ್ತುಗಳಲ್ಲಿ ಬೆಲೆಯೇ ಇಲ್ಲ. ಹತ್ತು ಮಾತ್ರ ರಾಜನಿಗಿಂತ ಮೇಲೆ, ಎಕ್ಕಕ್ಕೆ ಮಾತ್ರ ಕೆಳಗೆ. ಈ ಎರಡನೆಯ ಸ್ಥಾನವೇ ನಿಮ್ಮಿಬ್ಬರ ಕೈಯಿಂದಲೂ ಹತ್ತನ್ನು ಕಳೆದದ್ದು.

ಪ್ರತಿ ಎಲೆಯೂ ಎರಡೆರಡು ಇರುತ್ತದೆ ಎಂಬುದನ್ನು ಮನಸ್ಸಿನಲ್ಲಿಡಿ. ಒಂದೇ ರೀತಿಯ ಎರಡು ಎಲೆ ಒಂದೇ ಸುತ್ತಿಗೆ ಬಿದ್ದರೆ ಮೊದಲು ಬಿದ್ದದ್ದು ಗೆಲ್ಲುತ್ತದೆ. ಆದ್ದರಿಂದ ನೀವು ಇಳಿಸಿದ ತುರುಪಿನ ಎಕ್ಕಕ್ಕೆ ಸೋಲಿರಲಿಲ್ಲ. ಆದರೆ ಇನ್ನೊಂದು ಆಟೀನ್ ಎಕ್ಕ ಎಲ್ಲೋ ಜೀವಂತವಾಗಿತ್ತು. ಅದು ಬೀಳುವವರೆಗೂ ನಿಮ್ಮ ಹತ್ತು ಕಾಯಬೇಕಿತ್ತು. ಬದಲಿಗೆ ಗುಲಾಮನನ್ನು ಇಳಿಸಿದ್ದರೆ? ತುರುಪು ಇಳಿದಾಗ ಬಿದ್ದಿರುವುದಕ್ಕಿಂತ ದೊಡ್ಡ ತುರುಪು ಕೈಯಲ್ಲಿದ್ದವರು ಅದನ್ನು ಹಾಕಲೇಬೇಕು. ಹೀಗೆ ದೊಡ್ಡ ತುರುಪುಗಳು ಒಂದೊಂದಾಗಿ ಹೊರಬರುತ್ತವೆ, ನಿಮ್ಮಿಂದ ಹೋಗುವುದು ಅಂಕವಿಲ್ಲದ ಎಲೆ. ಆ ಎಕ್ಕ ಹೊರಬಿದ್ದ ಮೇಲೆ ನಿಮ್ಮ ಹತ್ತಕ್ಕಿಂತ ಮೇಲಿನ ಎಲೆ ಯಾರ ಬಳಿಯೂ ಇಲ್ಲ. ಅದನ್ನು ಕೊನೆಯ ಸುತ್ತಿಗೇ ಇಟ್ಟುಕೊಳ್ಳಲು ಸಾಧ್ಯವಾದರೆ ಆ ಸುತ್ತಿನ 1 ಅಂಕವೂ ನಿಮ್ಮದೇ. ಒಟ್ಟು ತುರುಪು 12, ನಿಮ್ಮ ಬಳಿ 6. ಹೊರಗಿರುವ ಆರನ್ನು ಬೀಳುತ್ತಿದ್ದಂತೆ ಎಣಿಸುತ್ತ ಹೋಗಿ, ಸದ್ಯಕ್ಕೆ ಅಷ್ಟು ಸಾಕು.

ನಿಮ್ಮ ಪತಿಯ ಕಳಾವರ್ ಹತ್ತಿನ ಕಥೆ ನನಗೆ ಇನ್ನೂ ಮುಖ್ಯವೆನಿಸುತ್ತದೆ, ಏಕೆಂದರೆ ಜೊತೆಯಾಗಿ ಆಡುವುದು ಎಂದರೇನು ಎಂಬುದು ಆ ಒಂದು ಎಲೆಯಲ್ಲಿದೆ. ದೊಡ್ಡ ಎಲೆ, ಮುಂದೆ ಬೇಕಾದೀತು ಎಂದು ಅವರು ಉಳಿಸಿಕೊಂಡರು. ಆದರೆ ನಿಮ್ಮ ಎಕ್ಕ ಆ ಸುತ್ತನ್ನು ಆಗಲೇ ಗೆದ್ದಾಗಿತ್ತು. ಜೊತೆಗಾರರು ಗೆಲ್ಲುತ್ತಿರುವ ಸುತ್ತಿಗೆ ಅಂಕದ ಎಲೆಯನ್ನು ತುಂಬಬೇಕು, ಅಂಕವಿಲ್ಲದ ಒಂಬತ್ತು, ಗುಲಾಮ, ರಾಣಿಗಳನ್ನು ಎದುರಾಳಿ ಗೆಲ್ಲುವ ಸುತ್ತಿಗೆ ಉಳಿಸಬೇಕು. ಒಂಬತ್ತು ಹಾಕಿದ್ದರಿಂದ ಬರಬೇಕಾದ 1 ಬರಲಿಲ್ಲ, ಮುಂದೆ ಅದೇ ಹತ್ತು ಎದುರಾಳಿಯ ರಾಶಿಗೆ 1 ಸೇರಿಸಿತು. ನಿಮ್ಮ ತುರುಪಿನ ಹತ್ತೊಂದು, ಈ ಹತ್ತೊಂದು, ನಿಮಗೆ ಕಡಿಮೆಬಿದ್ದ ಎರಡು ಅಂಕ ಇವೇ.

ಇದಕ್ಕೊಂದು ಮಿತಿಯೂ ಉಂಟು. ನಿಮ್ಮ ಪತಿ ಮೂರನೆಯವರಾಗಿ ಎಲೆ ಹಾಕುತ್ತಾರೆ, ಅವರ ನಂತರ ಒಬ್ಬ ಎದುರಾಳಿ ಇದ್ದಾರೆ. ಆ ಎದುರಾಳಿಯ ಬಳಿ ಕಳಾವರ್ ಇಲ್ಲದಿದ್ದರೆ ಅವರು ತುರುಪು ಹೊಡೆಯಲೇಬೇಕು, ಆಗ ತುಂಬಿದ ಹತ್ತೂ ಅವರ ಪಾಲು. ಒಂದು ಬಣ್ಣ ಮೊದಲ ಸಲ ಇಳಿದಾಗ ಈ ಭಯ ಕಡಿಮೆ: ನಿಮ್ಮ ಎರಡು ಕಳಾವರ್ ಬಿಟ್ಟು ಉಳಿದ ಹತ್ತು ಎಲೆಗಳು ಮೂವರಲ್ಲಿ ಹಂಚಿಹೋಗಿವೆ. ಎರಡನೆಯ, ಮೂರನೆಯ ಸಲಕ್ಕೆ ಭಯ ಹೆಚ್ಚು. ಅದಕ್ಕೇ ತುರುಪಲ್ಲದ ಬಣ್ಣಗಳ ಎಕ್ಕಗಳನ್ನು ಮೊದಮೊದಲೇ ಇಳಿಸಬೇಕು. ಮೇಜಿನ ಮೇಲೆ ತೋರಿಸಿದ ಮೆಲ್ಡನ್ನೂ ಮರೆಯಬಾರದು. ಪತಿಯ ಬಳಿ ಡೈಮನ್ನಿನ ರಾಜನಿದ್ದದ್ದನ್ನು ನೀವು ಕಣ್ಣಾರೆ ಕಂಡಿದ್ದಿರಿ. ನಿಮ್ಮ ಡೈಮನ್ ಎಕ್ಕ ಇಳಿದರೆ ಆ ರಾಜ ಅದರ ಮೇಲೆ ಬರಬೇಕು ಎಂಬುದು ಇಬ್ಬರಿಗೂ ಮಾತಿಲ್ಲದೆ ತಿಳಿದಿರಬೇಕು. ಆಟದ ನಡುವೆ ಹೇಳಿಕೊಳ್ಳುವಂತಿಲ್ಲ, ಆಟ ಮುಗಿದ ಮೇಲೆ ಬೇಕಾದಷ್ಟು ಮಾತಾಡಿ.

34 ಕೂಗಿ 32 ಆದರೆ ತೋರಿಸಿದ ಮೆಲ್ಡೂ ಗೆದ್ದ ಅಂಕವೂ ಹೋಗಿ, ಹಿಂದಿನ ಮೊತ್ತದಿಂದ 34 ಕಳೆಯುತ್ತಾರೆ. ಕೂಗುವಾಗ ಆ ಭಾರ ನೆನಪಿರಲಿ. ತುರುಪಲ್ಲದ ಬಣ್ಣ ಇಳಿದಾಗಲೂ ಮೇಲಿನ ಎಲೆ ಹಾಕಲೇಬೇಕು ಎಂಬ ನಿಯಮ ಕೆಲವು ಮನೆಗಳಲ್ಲಿದೆ, ಕೆಲವೆಡೆ ತುರುಪಿಗೆ ಮಾತ್ರ. ನೆರೆಯವರನ್ನು ಮೊದಲೇ ಕೇಳಿಕೊಳ್ಳಿ. ಮುಂದಿನ ಸಲ ಕೂರುವ ಮೊದಲು ಮನೆಯಲ್ಲಿ ಇಬ್ಬರೇ ಇದೇ ಹನ್ನೆರಡು ಎಲೆಗಳನ್ನು ತೆಗೆದು, ಉಳಿದವನ್ನು ಮೂರು ಕೈಗಳಾಗಿ ಹಂಚಿ, ನಾಲ್ಕನ್ನೂ ಬಿಡಿಸಿಟ್ಟು ಆಡಿನೋಡಿ. ಮುಗಿದ ಮೇಲೆ ಎರಡು ರಾಶಿಯ ಅಂಕ ಕೂಡಿಸಿ. 25 ಬರದಿದ್ದರೆ ಯಾವುದೋ ರಾಜನನ್ನು ಎಣಿಸದೆ ಬಿಟ್ಟಿದ್ದೀರಿ.